ಕಾಯುವುದಕ್ಕೆ ಕಾಲು ದರ, ಕರೆದಾಗ ಪೂರ್ತಿ ದರ: ಗಡಿಯಾರ ಶುರುವಾಗುವುದು ಯಾವಾಗ?

ರಾತ್ರಿಸ್ಕ್ಯಾನ್

ಎಲ್ಲರಿಗೂ ನಮಸ್ಕಾರ. ನಾನು ಒಂದು ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ನಮ್ಮ ವಿಭಾಗಕ್ಕೆ ರಾತ್ರಿ ಪಾಳಿ ಇಲ್ಲ, ಆನ್‌ಕಾಲ್ ಇದೆ. ತಿಂಗಳಿಗೊಂದು ವಾರಾಂತ್ಯ ನನ್ನ ಸರದಿ. ಶುಕ್ರವಾರ ಸಂಜೆ 6ಕ್ಕೆ ಶುರುವಾದರೆ ಸೋಮವಾರ ಬೆಳಗ್ಗೆ 8ರವರೆಗೆ, ಒಟ್ಟು 62 ಗಂಟೆ. ಮನೆಯಲ್ಲೇ ಇರಬಹುದು, ಆದರೆ ಫೋನ್ ಬಂದ 45 ನಿಮಿಷದೊಳಗೆ ಆಸ್ಪತ್ರೆಯಲ್ಲಿರಬೇಕು.

ನಮ್ಮ ಆದೇಶದಲ್ಲಿ ಇರುವುದು ಮೂರೇ ಸಾಲು. "ಕಾಯುವ ಸಮಯಕ್ಕೆ ಗಂಟೆ ದರದ ಕಾಲು ಭಾಗ. ಕರೆಗೆ ಹಾಜರಾದ ಸಮಯಕ್ಕೆ ಪೂರ್ತಿ ದರ. ಆ ಸಮಯಕ್ಕೆ ಕಾಯುವ ಭತ್ಯೆ ಇರುವುದಿಲ್ಲ."

ಕಳೆದ ಸರದಿಯಲ್ಲಿ ನಡೆದದ್ದು ಹೀಗೆ. ನಾನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಶನಿವಾರ ಬೆಳಗಿನ ಜಾವ 2:10ಕ್ಕೆ ಫೋನ್. 2:50ಕ್ಕೆ ಆಸ್ಪತ್ರೆ. 3:40ಕ್ಕೆ ಹೊರಟೆ, 4:20ಕ್ಕೆ ಮನೆ.
ಶನಿವಾರ ಮಧ್ಯಾಹ್ನ 3:30ಕ್ಕೆ ಫೋನ್. ಯಂತ್ರದಿಂದ ಚಿತ್ರಗಳು ವೈದ್ಯರ ಕಂಪ್ಯೂಟರ್‌ಗೆ ಹೋಗುತ್ತಿರಲಿಲ್ಲ. 20 ನಿಮಿಷ ಫೋನಿನಲ್ಲೇ ಹೇಳಿ ಸರಿ ಮಾಡಿಸಿದೆ.
ಭಾನುವಾರ ರಾತ್ರಿ 11:00ಕ್ಕೆ ಫೋನ್. 11:40ಕ್ಕೆ ಆಸ್ಪತ್ರೆ. 12:50ಕ್ಕೆ ಹೊರಟೆ, 1:30ಕ್ಕೆ ಮನೆ.
ಮತ್ತೆ 1:50ಕ್ಕೆ ಫೋನ್. ಅಂಗಿ ಕೂಡ ಬದಲಿಸಿರಲಿಲ್ಲ. 2:30ಕ್ಕೆ ಆಸ್ಪತ್ರೆ, 3:00ಕ್ಕೆ ಹೊರಟೆ, 3:40ಕ್ಕೆ ಮನೆ. ಬೆಳಗ್ಗೆ 8ಕ್ಕೆ ಮಾಮೂಲಿ ಡ್ಯೂಟಿ.

ಸಂಬಳದ ಚೀಟಿಯಲ್ಲಿ ಪೂರ್ತಿ ದರ ಬಂದಿರುವುದು ಎರಡೂವರೆ ಗಂಟೆಗೆ ಮಾತ್ರ. ಅಷ್ಟೇ ಅಲ್ಲ, ಕಾಯುವ ಭತ್ಯೆಯಲ್ಲೂ ಆ ಎರಡೂವರೆ ಗಂಟೆ ಕಡಿದಿದ್ದಾರೆ. ಈ ಕಡಿತ ಸರೀನಾ? ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ಕರೆಗೆ ಹೋದರೂ ನಾನು ಆನ್‌ಕಾಲ್‌ನಲ್ಲೇ ಇದ್ದೆ ಅಲ್ವಾ?

ಹಳೇಬೆಂಚು

ನಮ್ಮ ಕಂಪನಿಯಲ್ಲೂ ಹೀಗೇ. ಪ್ರಾಜೆಕ್ಟ್ ಇಲ್ಲದೆ ಬೆಂಚಿನ ಮೇಲೆ ಕೂತಾಗ ಸಂಬಳ ಅರ್ಧ ಮಾಡುತ್ತೇವೆ ಅಂತ ಹೇಳಿದರು. ಸಹಿ ಹಾಕಬೇಡಿ ಅಂತ ಎಲ್ಲರೂ ಒಟ್ಟಾಗಿ ನಿಂತೆವು. ನೀವೂ ಸಹಿ ಹಾಕಬೇಡಿ.

ರಾತ್ರಿಸ್ಕ್ಯಾನ್

ಅದು ಬೇರೆ ವಿಷಯ ಸರ್. ನನ್ನ ಮಾಮೂಲಿ ಸಂಬಳ ಹಾಗೇ ಇದೆ. ಇದು ಡ್ಯೂಟಿ ಮುಗಿದ ಮೇಲಿನ ಕಾಯುವಿಕೆ.

ಸಂಬಳಪಟ್ಟಿ

ನಾನು ಪೇರೋಲ್‌ನಲ್ಲಿ ಬಹಳ ವರ್ಷ ಇದ್ದವಳು. ಆಸ್ಪತ್ರೆ, ನೀರು ಸರಬರಾಜು, ಲಿಫ್ಟ್ ನಿರ್ವಹಣೆ, ಮೂರೂ ಕಡೆಯ ಆನ್‌ಕಾಲ್ ಪಟ್ಟಿಗಳನ್ನು ಮಾಡಿದ್ದೇನೆ. ನಿಮ್ಮ ಡೈರಿ ಇರುವುದರಿಂದ ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ಗಂಟೆ ದರ 100 ಅಂತ ಇಟ್ಟುಕೊಳ್ಳೋಣ. ಕಾಯುವ ದರ 25 ಆಯಿತು.

ಫೋನೇ ಬರದಿದ್ದರೆ 62 ಗಂಟೆಗೆ ನಿಮಗೆ 1550 ಬರುತ್ತಿತ್ತು. ಆರಾಮಾಗಿ ಮಲಗಿದ್ದರೂ ಅಷ್ಟು ಖಚಿತ. ಈಗ ಆಫೀಸು ಕೊಟ್ಟಿರುವುದು ಎಷ್ಟು? 59.5 ಗಂಟೆಗೆ 25ರಂತೆ 1487.50, ಎರಡೂವರೆ ಗಂಟೆಗೆ 100ರಂತೆ 250. ಒಟ್ಟು 1737.50. ಅಂದರೆ ಮೂರು ಸಲ ಆಸ್ಪತ್ರೆಗೆ ಓಡಿದ್ದಕ್ಕೆ, ಒಂದು ಸಲ ಫೋನಿನಲ್ಲಿ ಕೂತದ್ದಕ್ಕೆ ನಿಮಗೆ ಸಿಕ್ಕಿದ್ದು ಬರೀ 187.50 ಹೆಚ್ಚು.

ಈಗ ನೀವು ನಿಜವಾಗಿ ಕಳೆದ ಸಮಯ ನೋಡಿ. ಫೋನ್ ಬಂದಾಗಿನಿಂದ ಮನೆ ಸೇರುವವರೆಗೆ ಮೊದಲ ಕರೆಗೆ 130 ನಿಮಿಷ, ಮೂರನೆಯದಕ್ಕೆ 150, ನಾಲ್ಕನೆಯದಕ್ಕೆ 110, ಮಧ್ಯೆ ಫೋನಿನ 20. ಒಟ್ಟು 410 ನಿಮಿಷ, ಆರು ಗಂಟೆ ಐವತ್ತು ನಿಮಿಷ. 187.50ನ್ನು ಅದಕ್ಕೆ ಭಾಗಿಸಿದರೆ ಗಂಟೆಗೆ 27 ಚಿಲ್ಲರೆ. ಕಾಗದದ ಮೇಲೆ "ಪೂರ್ತಿ ದರ". ನಿದ್ದೆಗೆಟ್ಟು ಓಡಾಡಿದ ಗಂಟೆಗೆ ಕೈಗೆ ಹೆಚ್ಚಾಗಿ ಬಂದಿರುವುದು ಕಾಯುವ ದರಕ್ಕಿಂತ ಚೂರು ಮೇಲೆ ಅಷ್ಟೇ.

ನೀವು ಕಡಿತದ ಬಗ್ಗೆ ಕೇಳಿದಿರಿ. ಕಡಿತ ಮಾಡದೆ ಇದ್ದಿದ್ದರೆ ನಿಮಗೆ ಜಾಸ್ತಿ ಬರುತ್ತಿದ್ದದ್ದು ಎರಡೂವರೆ ಗಂಟೆಯ ಕಾಲು ದರ, 62.50. ಅದೇ ಗಡಿಯಾರವನ್ನು ಫೋನ್ ಬಂದ ಕ್ಷಣದಿಂದ ಮನೆ ಸೇರುವವರೆಗೆ ಓಡಿಸಿದರೆ? ಕಡಿತ ಹಾಗೇ ಇರಲಿ. ಗಂಟೆಗೆ 75 ಹೆಚ್ಚಿಗೆಯಂತೆ 410 ನಿಮಿಷಕ್ಕೆ 512.50 ಆಗುತ್ತದೆ. ಒಟ್ಟು 2062.50. ಈಗ ಬಂದಿರುವುದಕ್ಕಿಂತ 325 ಜಾಸ್ತಿ.

ಹಾಗಾಗಿ ನಿಮ್ಮ ಸಿಟ್ಟು ತಪ್ಪು ಸಾಲಿನ ಮೇಲಿದೆ. ಮೂರನೇ ಸಾಲು ಬಿಡಿ, ಎರಡನೇ ಸಾಲು ಹಿಡಿಯಿರಿ. "ಹಾಜರಾದ" ಅನ್ನುವ ಒಂದು ಪದದಲ್ಲಿ ನಿಮ್ಮ ದುಡ್ಡು ಹೋಗುತ್ತಿದೆ. ಆಫೀಸು ಅದನ್ನು ಬಾಗಿಲ ಬಳಿ ಬೆರಳು ಒತ್ತಿದ ಹೊತ್ತಿನಿಂದ ಎಣಿಸಿದೆ.

ರಾತ್ರಿಸ್ಕ್ಯಾನ್

ಮೇಡಂ, ಎರಡು ಸಲ ಓದಿದೆ. 27 ಅನ್ನುವುದನ್ನು ನೋಡಿ ಸುಮ್ಮನೆ ಕೂತುಬಿಟ್ಟೆ. ಹೌದು, ಎರಡೂವರೆ ಗಂಟೆ ಅನ್ನುವುದು ಸರಿಯಾಗಿ ಬಯೋಮೆಟ್ರಿಕ್ ಒಳಗೆ-ಹೊರಗೆ ಸಮಯ. 50 ನಿಮಿಷ, 70, 30.

ಸೂಪರ್‌ವೈಸರ್_ಹಳಬ

ಇಷ್ಟೆಲ್ಲ ಲೆಕ್ಕ ಯಾಕೆ? ಯುರೋಪಿನ ಕೋರ್ಟ್ 2018ರಲ್ಲೇ ಹೇಳಿದೆ, ಮನೆಯಲ್ಲಿ ಆನ್‌ಕಾಲ್ ಇದ್ದರೂ ಅದು ಕೆಲಸದ ಸಮಯವೇ ಅಂತ. ಒಬ್ಬ ಅಗ್ನಿಶಾಮಕ ಸಿಬ್ಬಂದಿಯ ಕೇಸು. ಹಾಗಾದರೆ 62 ಗಂಟೆಗೂ ಪೂರ್ತಿ ಸಂಬಳ ಕೊಡಬೇಕು. ಕಾಲು ದರ ಅನ್ನುವುದೇ ಅನ್ಯಾಯ. ಅದನ್ನು ತೋರಿಸಿ ಕೇಳಿ.

ಸಂಬಳಪಟ್ಟಿ

ಅರ್ಧ ಸರಿ ಹೇಳಿದಿರಿ ಸರ್. ಅದು ಬೆಲ್ಜಿಯಂನ ನಿವೆಲ್ ಪಟ್ಟಣದ ಕೇಸು, ಮಾಟ್ಜಾಕ್ ಅಂತ. ಅವರಿಗೆ ಕರೆ ಬಂದ 8 ನಿಮಿಷದಲ್ಲಿ ಠಾಣೆ ತಲುಪಬೇಕಿತ್ತು. 8 ನಿಮಿಷದಲ್ಲಿ ಯಾರೂ ಸ್ವಂತ ಕೆಲಸಕ್ಕೆ ಅಂತ ಆಚೆ ಹೋಗಲು ಆಗುವುದಿಲ್ಲ. ಅದಕ್ಕೇ ಕೋರ್ಟ್ ಅದನ್ನು ಕೆಲಸದ ಸಮಯ ಅಂದಿತು. ಆದರೆ ಆ ಕಾನೂನು ದುಡಿಮೆಯ ಗಂಟೆ ಮತ್ತು ವಿರಾಮದ ಬಗ್ಗೆ. ಸಂಬಳ ಎಷ್ಟು ಅನ್ನುವುದು ಆಯಾ ದೇಶದ ನಿಯಮಕ್ಕೆ ಬಿಟ್ಟದ್ದು ಅಂತಲೂ ಅದೇ ತೀರ್ಪು ಹೇಳುತ್ತದೆ.

2021ರಲ್ಲಿ ಸ್ಲೊವೇನಿಯಾದ ಒಬ್ಬ ಪ್ರಸಾರ ಕೇಂದ್ರದ ತಂತ್ರಜ್ಞರ ಕೇಸು ಅದೇ ಕೋರ್ಟಿಗೆ ಬಂತು. ಅವರಿಗೆ ಒಂದು ಗಂಟೆ ಸಮಯವಿತ್ತು. ಆಗ ಕೋರ್ಟ್, ಬರೀ ಆನ್‌ಕಾಲ್ ಅಂದ ಮಾತ್ರಕ್ಕೆ ಆಗುವುದಿಲ್ಲ, ಆ ಕಟ್ಟುಪಾಡು ಬಿಡುವಿನ ವೇಳೆಯನ್ನು ಎಷ್ಟು ಕಟ್ಟಿಹಾಕುತ್ತದೆ ಅಂತ ನೋಡಬೇಕು ಅಂದಿತು. ನಿಮ್ಮ 45 ನಿಮಿಷ 8ಕ್ಕಿಂತ ಆ ಒಂದು ಗಂಟೆಗೇ ಹತ್ತಿರ. ಅದೂ ಅಲ್ಲಿನ ಕಾನೂನು. ಅದನ್ನು ಹಿಡಿದು ಹೋದರೆ ಆಫೀಸಿನವರು "ಅದು ಇಲ್ಲಿಗೆ ಬರುವುದಿಲ್ಲ" ಅಂತ ಒಂದೇ ಮಾತಿಗೆ ಕಳಿಸಿಬಿಡುತ್ತಾರೆ. ಅವರೇ ಬರೆದ ಆದೇಶ ಹಿಡಿದು ಹೋದರೆ ಉತ್ತರ ಕೊಡಲೇಬೇಕು.

ಲಿಫ್ಟ್‌ಮನೆ

ಲಿಫ್ಟ್ ಮೆಕ್ಯಾನಿಕ್ ಇಲ್ಲಿ. ನಮ್ಮಲ್ಲಿ ಕನಿಷ್ಠ ಕರೆ ಅಂತ ಇದೆ. ಒಂದು ಸಲ ಕರೆದರೆ ಮೂರು ಗಂಟೆ ಪೂರ್ತಿ ದರ. ಹತ್ತು ನಿಮಿಷದ ಕೆಲಸವಾದರೂ ಮೂರು ಗಂಟೆ. ಇದು ಬಂದ ಮೇಲೆ ಸುಮ್ನೆ ಸುಮ್ನೆ ಕರೆಯುವುದು ನಿಂತುಹೋಯಿತು. ಮೊದಲು ಲಿಫ್ಟಿನ ದೀಪ ಹೋದರೂ ರಾತ್ರಿ ಫೋನ್ ಬರುತ್ತಿತ್ತು. ಈಗ ಬೆಳಗ್ಗೆಯವರೆಗೆ ಕಾಯುತ್ತಾರೆ. ಯಾರಾದರೂ ಒಳಗೆ ಸಿಕ್ಕಿಹಾಕಿಕೊಂಡರೆ ಮಾತ್ರ ಕರೆಯುತ್ತಾರೆ.

ಅಣ್ಣನ ಲೆಕ್ಕಕ್ಕೆ ಇದನ್ನು ಹಾಕಿದರೆ ಮೂರು ಕರೆಗೆ ಒಂಬತ್ತು ಗಂಟೆ ಆಗುತ್ತದೆ.

ಸಂಬಳಪಟ್ಟಿ

ಒಂಬತ್ತು ಆಗುವುದು ಅನುಮಾನ. ನಿಮ್ಮ ನಿಯಮದ ಕಾಗದ ಒಮ್ಮೆ ತೆಗೆದು ನೋಡಿ. ನಾನು ನೋಡಿದ ಹೆಚ್ಚಿನ ಆದೇಶಗಳಲ್ಲಿ ಮೂರು ಗಂಟೆಯೊಳಗೆ ಎರಡನೇ ಕರೆ ಬಂದರೆ ಅದು ಹೊಸ ಕರೆ ಅಲ್ಲ, ಹಳೆಯದರ ಮುಂದುವರಿಕೆ. ಇವರ ಭಾನುವಾರದ ಫೋನ್ 11:00ಕ್ಕೆ. ಮೂರು ಗಂಟೆ ಮುಗಿಯುವುದು 2:00ಕ್ಕೆ. ಮುಂದಿನ ಫೋನ್ 1:50ಕ್ಕೆ ಬಂದಿದೆ. ಹತ್ತು ನಿಮಿಷದಲ್ಲಿ ತಪ್ಪಿಹೋಯಿತು. ಆಗ ಎರಡೂ ಸೇರಿ 11:00ರಿಂದ 3:40ರವರೆಗೆ ಒಂದೇ ಕರೆ, ನಾಲ್ಕು ಗಂಟೆ ನಲವತ್ತು ನಿಮಿಷ. ಶನಿವಾರದ ಮೂರು ಸೇರಿದರೆ ಏಳು ಗಂಟೆ ನಲವತ್ತು ನಿಮಿಷ.

ಲಿಫ್ಟ್‌ಮನೆ

ನೋಡಿದೆ. ನೀವು ಹೇಳಿದ್ದೇ ಸರಿ. "ಕನಿಷ್ಠ ಅವಧಿಯೊಳಗಿನ ಮರುಕರೆ ಪ್ರತ್ಯೇಕವಲ್ಲ" ಅಂತ ಇದೆ. ಇಷ್ಟು ವರ್ಷ ಗಮನಿಸಿರಲಿಲ್ಲ.

ಒಂದು ಪ್ರಶ್ನೆ. ಮೂರು ಗಂಟೆ ಕೊಟ್ಟರು, ಆದರೆ ಎರಡು ಗಂಟೆಯಲ್ಲೇ ಮನೆಗೆ ಬಂದೆ. ಉಳಿದ ಒಂದು ಗಂಟೆಗೆ ಕಾಯುವ ಭತ್ಯೆ ಇದೆಯಾ ಇಲ್ಲವಾ? ಆ ಹೊತ್ತಿನಲ್ಲಿ ನಾನು ಮತ್ತೆ ಕಾಯುತ್ತಲೇ ಇರುತ್ತೇನೆ.

ಸಂಬಳಪಟ್ಟಿ

ಇದಕ್ಕೆ ಎರಡೂ ರೀತಿ ಮಾಡಿದ್ದನ್ನು ನೋಡಿದ್ದೇನೆ. ಒಂದು ಕಡೆ "ದುಡಿದ ಸಮಯಕ್ಕೆ ಮಾತ್ರ ಕಡಿತ", ಇನ್ನೊಂದು ಕಡೆ "ಪೂರ್ತಿ ದರ ಕೊಟ್ಟ ಸಮಯಕ್ಕೆಲ್ಲ ಕಡಿತ". ಬರೆದಿಲ್ಲದಿದ್ದರೆ ಸಾಮಾನ್ಯವಾಗಿ ಸಾಫ್ಟ್‌ವೇರಿನಲ್ಲಿ ಮೊದಲು ಹಾಕಿದವರು ಹೇಗೆ ಹಾಕಿದರೋ ಹಾಗೇ ನಡೆದುಕೊಂಡು ಹೋಗುತ್ತದೆ. ನಿಮ್ಮ ಚೀಟಿಯಲ್ಲಿ ಕಾಯುವ ಗಂಟೆ ಮತ್ತು ಪೂರ್ತಿ ದರದ ಗಂಟೆ ಕೂಡಿಸಿ. ಪೂರ್ತಿ ಸರದಿಯ ಗಂಟೆಗೆ ಸಮನಾಗಿ ಬಂದರೆ ಎರಡನೇ ರೀತಿ. ಅದಕ್ಕಿಂತ ಜಾಸ್ತಿ ಬಂದರೆ ಮೊದಲನೇ ರೀತಿ.

ಪಾಳಿಪಟ್ಟಿ

ನಾನು ಇನ್ನೊಂದು ಕಡೆಯವಳು, ಆನ್‌ಕಾಲ್ ಪಟ್ಟಿ ಹಾಕುವವಳು. ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ತೊಂದರೆಯನ್ನೂ ಹೇಳುತ್ತೇನೆ. ಫೋನ್ ಬಂದಾಗಿನಿಂದ ಲೆಕ್ಕ ಅಂತ ಮಾಡಿದರೆ ದೂರದಲ್ಲಿರುವವರಿಗೆ ಪ್ರತಿ ಕರೆಗೂ ಜಾಸ್ತಿ ಹೋಗುತ್ತದೆ. ನಮ್ಮಲ್ಲಿ ಒಬ್ಬರು ಹತ್ತು ನಿಮಿಷದ ದೂರದಲ್ಲಿದ್ದಾರೆ, ಇನ್ನೊಬ್ಬರು ಮುಕ್ಕಾಲು ಗಂಟೆ. ಕೆಲಸ ಒಂದೇ. ಹತ್ತಿರ ಇರುವವರು ಬೇಗ ಬಂದು ರೋಗಿಗೆ ಒಳ್ಳೆಯದು ಮಾಡುತ್ತಾರೆ, ಅವರಿಗೇ ಕಡಿಮೆ ದುಡ್ಡು. ಅವರು ನನ್ನ ಹತ್ತಿರ ಬಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಸಂಬಳಪಟ್ಟಿ

ನಿಜವಾದ ತೊಂದರೆ ಇದು. ಇದಕ್ಕೆ ಲಿಫ್ಟ್‌ಮನೆಯವರ ಕನಿಷ್ಠ ಕರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹತ್ತಿರದವರಿಗೂ ದೂರದವರಿಗೂ ಮೂರು ಗಂಟೆ ಸಿಗುತ್ತದೆ. ರಾತ್ರಿಸ್ಕ್ಯಾನ್ ಅವರದ್ದನ್ನೇ ನೋಡಿ. ಗಡಿಯಾರ ಆಸ್ಪತ್ರೆ ಬಾಗಿಲಿನಿಂದಲೇ ಓಡಲಿ, ಕನಿಷ್ಠ ಮೂರು ಗಂಟೆ ಮಾತ್ರ ಸೇರಿಸಿ. ಶನಿವಾರ ಮೂರು. ಭಾನುವಾರ 11:40ರಿಂದ 2:40ರವರೆಗೆ ಮೂರು, ಎರಡನೇ ಸಲ 2:30ಕ್ಕೆ ಬಂದು 3:00ಕ್ಕೆ ಹೊರಟದ್ದರಿಂದ ಇನ್ನು 20 ನಿಮಿಷ. ಒಟ್ಟು ಆರು ಗಂಟೆ ಇಪ್ಪತ್ತು ನಿಮಿಷ. ಮೂರು ಗಂಟೆಗೂ ಕಡಿತ ಮಾಡಿದರೂ 2025 ಬರುತ್ತದೆ. ಫೋನಿನಿಂದ ಮನೆಯವರೆಗೆ ಲೆಕ್ಕ ಹಾಕಿದಾಗ 2062.50 ಬಂದಿತ್ತು. ಹೆಚ್ಚು ಕಡಿಮೆ ಅಷ್ಟೇ.

ಅಂದರೆ ಎರಡನ್ನೂ ಕೇಳಬೇಕಾಗಿಲ್ಲ. ಯಾವುದೋ ಒಂದು ಸಿಕ್ಕರೂ ನಷ್ಟದ ಬಹುಪಾಲು ತುಂಬುತ್ತದೆ. ಆಫೀಸಿಗೆ ಯಾವುದು ಸುಲಭವೋ ಅದನ್ನು ಅವರೇ ಆರಿಸಲಿ.

ಪಾಳಿಪಟ್ಟಿ

ಇದು ಚೆನ್ನಾಗಿದೆ. ನಾನೂ ನಮ್ಮಲ್ಲಿ ಕೇಳಿ ನೋಡುತ್ತೇನೆ. ಆದರೆ ಕನಿಷ್ಠ ಕರೆ ಇದ್ದರೂ ದೂರದವರು ನಿಜವಾಗಿ ಮೂರು ಗಂಟೆ ಮೀರುವ ದಿನ ಬಾಗಿಲ ಲೆಕ್ಕದಲ್ಲಿ ಅವರಿಗೆ ನಷ್ಟವೇ ಅಲ್ವಾ?

ಸಂಬಳಪಟ್ಟಿ

ಹೌದು. ಅದಕ್ಕೆ ಪ್ರಯಾಣಕ್ಕೆ ಒಂದು ಮಿತಿ ಹಾಕಬಹುದು, ಕರೆಗೆ ಇಷ್ಟು ನಿಮಿಷ ಅಂತ ಎಲ್ಲರಿಗೂ ಒಂದೇ. ಪೂರ್ತಿ ನ್ಯಾಯ ಆಗುತ್ತದೆ ಅಂತ ನಾನು ಹೇಳುವುದಿಲ್ಲ.

ಸರ್ವರ್‌ಪಾಲಕ

ನಮ್ಮದು ಸಾಫ್ಟ್‌ವೇರ್. ನಾನು ಎಲ್ಲಿಗೂ ಹೋಗುವುದಿಲ್ಲ, ಎಲ್ಲ ಮನೆಯ ಲ್ಯಾಪ್‌ಟಾಪ್‌ನಲ್ಲೇ. ಅದಕ್ಕೇ ಬಾಗಿಲು, ಪ್ರಯಾಣ ಯಾವುದೂ ಇಲ್ಲ. ನನ್ನ ತೊಂದರೆ ಅಣ್ಣನ ಶನಿವಾರದ ಫೋನಿನ ಥರದ್ದು. ರಾತ್ರಿ ಅಲರ್ಟ್ ಬರುತ್ತದೆ, ಎದ್ದು ನೋಡುತ್ತೇನೆ, ಐದು ನಿಮಿಷದಲ್ಲಿ ತಾನೇ ಸರಿ ಹೋಗುತ್ತದೆ. ಮಲಗುತ್ತೇನೆ. ಒಂದು ಗಂಟೆಗೆ ಮತ್ತೆ. ಕಳೆದ ವಾರ ಒಂದು ರಾತ್ರಿ ಆರು ಸಲ ಹೀಗಾಯಿತು. ಲೆಕ್ಕಕ್ಕೆ ಬಂದದ್ದು 30 ನಿಮಿಷ. ನಾನು ಮಾತ್ರ ಆ ರಾತ್ರಿ ಮಲಗಲೇ ಇಲ್ಲ.

ಲಿಫ್ಟ್‌ಮನೆ

ನಮ್ಮಲ್ಲಿ ಫೋನಿನಲ್ಲೇ ಮುಗಿದರೆ ಒಂದು ಕರೆಗೆ ಅರ್ಧ ಗಂಟೆ. ನಿಮ್ಮ ಆರಕ್ಕೆ ಮೂರು ಗಂಟೆ ಆಗುತ್ತಿತ್ತು.

ಸರ್ವರ್‌ಪಾಲಕ

ಅದನ್ನೇ ಕೇಳುತ್ತೇನೆ. ಅರ್ಧ ಗಂಟೆ ಅಂತ ಬೆಲೆ ಕಟ್ಟಿದರೆ ಸುಳ್ಳು ಅಲರ್ಟ್‌ಗಳನ್ನು ಸರಿ ಮಾಡುವುದಕ್ಕೂ ಯಾರಾದರೂ ಸಮಯ ಕೊಡುತ್ತಾರೆ.

ರಾತ್ರಿಸ್ಕ್ಯಾನ್

ಇವತ್ತು ಆಫೀಸಿಗೆ ಹೋಗಿ ಬಂದೆ. ಮೊದಲು ಅವರು ಹೇಳಿದ್ದು ಬಾಗಿಲಿನ ಲೆಕ್ಕಕ್ಕಿಂತಲೂ ಕೆಟ್ಟದ್ದು. "ಬೇಕಾದರೆ ಯಂತ್ರದಲ್ಲಿ ಸ್ಕ್ಯಾನ್ ಶುರುವಾದ ಸಮಯ ದಾಖಲಾಗಿರುತ್ತದಲ್ಲ, ಅದನ್ನೇ ತೆಗೆದುಕೊಳ್ಳೋಣ, ಯಾರಿಗೂ ಜಗಳವಿಲ್ಲ" ಅಂದರು.

ನಾನು ಅವರನ್ನು ಸ್ಕ್ಯಾನ್ ಕೋಣೆಗೆ ಕರೆದುಕೊಂಡು ಹೋದೆ. ಶನಿವಾರ ಬೆಳಗಿನ ಜಾವ ಯಂತ್ರ ಸಂಜೆಯಿಂದ ಸುಮ್ಮನಿತ್ತು. ಹಾಗಿದ್ದಾಗ ನೇರವಾಗಿ ರೋಗಿಯನ್ನು ಮಲಗಿಸಲು ಆಗುವುದಿಲ್ಲ. ಎಕ್ಸ್‌ರೇ ಟ್ಯೂಬ್ ತಣ್ಣಗಾಗಿರುತ್ತದೆ. ಮೊದಲು ವಾರ್ಮಪ್ ಓಡಿಸಬೇಕು, ಹಂತ ಹಂತವಾಗಿ ಟ್ಯೂಬ್ ಬಿಸಿಯಾಗಬೇಕು. ತಣ್ಣನೆಯ ಟ್ಯೂಬಿಗೆ ಒಮ್ಮೆಲೇ ಪೂರ್ತಿ ಶಕ್ತಿ ಕೊಟ್ಟರೆ ಅದಕ್ಕೆ ಪೆಟ್ಟು. ಆಮೇಲೆ ಖಾಲಿ ಗಾಳಿಯ ಮೇಲೆ ಕ್ಯಾಲಿಬ್ರೇಷನ್. ಅದಾದ ಮೇಲೆ ರೋಗಿ. ಅಷ್ಟರಲ್ಲಿ ನಾನು ಸ್ಟ್ರೆಚರ್ ಹಿಡಿದಿರುತ್ತೇನೆ, ಗರ್ಭಿಣಿಯಾ, ಅಲರ್ಜಿ ಇದೆಯಾ ಅಂತ ಕೇಳುತ್ತಿರುತ್ತೇನೆ. ಇದ್ಯಾವುದೂ ಸ್ಕ್ಯಾನ್ ಸಮಯದಲ್ಲಿ ಬರುವುದಿಲ್ಲ. ಅವರು ನಿಂತು ವಾರ್ಮಪ್ ಮುಗಿಯುವವರೆಗೆ ನೋಡಿದರು. ಆ ಮಾತು ಅಲ್ಲಿಗೇ ಬಿಟ್ಟರು.

ಆಮೇಲೆ ಮೇಡಂ ಹಾಕಿಕೊಟ್ಟ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಡೈರಿ ಮಾತ್ರ ಸಾಕಾಗುವುದಿಲ್ಲ ಅಂದರು. ನನ್ನ ಫೋನಿನ ಕರೆ ಪಟ್ಟಿ ತೋರಿಸಿದೆ. ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಬಳಿಯ ರಿಜಿಸ್ಟರ್ ತರಿಸಿ ನೋಡಿದರು. ಎರಡು ಕಡೆಯ ಸಮಯ ಹೊಂದಿತು, ಒಂದು ಕಡೆ ಮಾತ್ರ ಎರಡು ನಿಮಿಷ ವ್ಯತ್ಯಾಸ.

ಸಂಬಳಪಟ್ಟಿ

ಆಪರೇಟರ್ ರಿಜಿಸ್ಟರ್ ಇದ್ದದ್ದು ದೊಡ್ಡ ಬಲ. ಅದು ಅವರದೇ ಕಾಗದ. ಇನ್ನು ಮುಂದೆ ನಾಲ್ಕು ಸಮಯ ತಪ್ಪದೆ ಬರೆಯಿರಿ: ಫೋನ್ ಬಂದದ್ದು, ಒಳಗೆ ಬಂದದ್ದು, ಹೊರಟದ್ದು, ಮನೆ ಸೇರಿದ್ದು. ಕೊನೆಯದಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಮನೆ ತಲುಪಿದ ಕೂಡಲೇ ಆಪರೇಟರ್‌ಗೆ "ನಾನು ಮತ್ತೆ ಮನೆಯಿಂದ ಸಿಗುತ್ತೇನೆ" ಅಂತ ಒಂದು ಫೋನ್ ಮಾಡಿ. ಅವರಿಗೂ ನೀವು ಎಲ್ಲಿದ್ದೀರಿ ಅಂತ ಗೊತ್ತಾಗಬೇಕು. ಸಮಯವೂ ರಿಜಿಸ್ಟರ್‌ನಲ್ಲಿ ಬೀಳುತ್ತದೆ.

ರಾತ್ರಿಸ್ಕ್ಯಾನ್

ಸರಿ ಮೇಡಂ, ಹಾಗೇ ಮಾಡುತ್ತೇನೆ. ಅವರು ಒಪ್ಪಿದ್ದು ಇಷ್ಟು. ಮುಂದಿನ ತಿಂಗಳಿಂದ ಗಡಿಯಾರ ಫೋನ್ ಬಂದಾಗಿನಿಂದ ಶುರು. ಮುಗಿಯುವುದು ಆಸ್ಪತ್ರೆಯಿಂದ ಹೊರಟಾಗ. ವಾಪಸ್ ಪ್ರಯಾಣಕ್ಕೆ ಒಪ್ಪಲಿಲ್ಲ, "ಡ್ಯೂಟಿ ಮುಗಿದು ಮನೆಗೆ ಹೋಗುವಾಗ ಯಾರಿಗೂ ಕೊಡುವುದಿಲ್ಲ" ಅಂದರು. ಕನಿಷ್ಠ ಕರೆ ವಿಷಯವನ್ನು ಮೇಲಿನವರಿಗೆ ಬರೆಯುತ್ತೇವೆ ಅಂದಿದ್ದಾರೆ. ಹಳೆಯ ವಾರಾಂತ್ಯದ ಬಾಕಿ ಬಗ್ಗೆ ಬಾಯಿ ಬಿಡಲಿಲ್ಲ.

ಸೂಪರ್‌ವೈಸರ್_ಹಳಬ

ವಾಪಸ್ ಪ್ರಯಾಣದ ಮಾತು ನನಗೆ ಹಿಡಿಸಲಿಲ್ಲ. ಮಾಮೂಲಿ ಡ್ಯೂಟಿಗೆ ದಿನಕ್ಕೆ ಒಂದು ಸಲ ಹೋಗಿ ಬರುತ್ತೇವೆ, ಅದು ನಮ್ಮ ಖರ್ಚು. ಇದು ಅವರು ಕರೆದದ್ದಕ್ಕೆ ಆದ ಹೆಚ್ಚಿನ ಓಡಾಟ.

ಪಾಳಿಪಟ್ಟಿ

ನೀವು ಹೇಳುವುದು ಸರಿ ಸರ್. ನಾನು ಇನ್ನೊಂದು ಕೇಳಬೇಕು ಅಂತಿದ್ದೆ. 3:40ಕ್ಕೆ ಮನೆಗೆ ಬಂದವರನ್ನು 8ಕ್ಕೆ ಡ್ಯೂಟಿಗೆ ಹೇಗೆ ಕರೆಸಿದರು? ನಮ್ಮಲ್ಲಿ ರಾತ್ರಿ 12ರ ಮೇಲೆ ಕರೆ ಬಂದರೆ ಮರುದಿನ ತಡವಾಗಿ ಬರಬಹುದು. ಆ ಗಂಟೆಗಳಿಗೆ ಸಂಬಳವೂ ಕಡಿಯುವುದಿಲ್ಲ.

ರಾತ್ರಿಸ್ಕ್ಯಾನ್

ಅದನ್ನು ಕೇಳುವ ಯೋಚನೆಯೇ ಬಂದಿರಲಿಲ್ಲ ಅಕ್ಕ. ಆ ಸೋಮವಾರ 11 ಗಂಟೆಗೆ ಒಬ್ಬರ ಎಡಗೈ ಬದಲು ಬಲಗೈ ಅಂತ ನಮೂದಿಸಿಬಿಟ್ಟಿದ್ದೆ. ಜೊತೆಯವರು ನೋಡಿ ಹೇಳಿದರು, ಸ್ಕ್ಯಾನ್‌ಗೆ ಮುಂಚೆಯೇ ಸರಿ ಮಾಡಿದೆ. ನಿಮ್ಮ ಆ ನಿಯಮ ಹೇಗೆ ಬರೆದಿದೆ ಅಂತ ಪದಕ್ಕೆ ಪದ ಹಾಕುತ್ತೀರಾ? ಗುರುವಾರ ಮತ್ತೆ ಆಫೀಸಿಗೆ ಹೋಗುವವನಿದ್ದೇನೆ.

ಪಾಳಿಪಟ್ಟಿ

ನಾಳೆ ಕೆಲಸಕ್ಕೆ ಹೋದ ತಕ್ಷಣ ನೋಡಿ ಹಾಕುತ್ತೇನೆ. "ಕರೆ ಬಂದ" ಅಂತ ಇದೆಯೋ "ಹಾಜರಾದ" ಅಂತ ಇದೆಯೋ ಅದನ್ನೂ ನೋಡುತ್ತೇನೆ.